ಕಾಫಿ ಫಿಲ್ಟರ್ ಪಕ್ಕದ ರೆಸಿಸ್ಟೆನ್ಸ್ ಬ್ಯಾಂಡ್: ವರ್ಷ ದಾಟಿದ ಬಳಕೆಯ ಅನುಭವ

ಎಳೆದು ವ್ಯಾಯಾಮ ಮಾಡುವ ಈ ರಬ್ಬರ್ ಪಟ್ಟಿಯನ್ನು ತಂದಿದ್ದು ನನ್ನ ತಮ್ಮನಿಗಾಗಿ. ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಅವನ ಆಫೀಸು ಮುಂಬೈನ ಲೋವರ್ ಪರೇಲ್‌ನಲ್ಲಿ. ಜಿಮ್ ಸೇರುವುದು, ಎರಡು ವಾರಕ್ಕೆ ಬಿಡುವುದು ಅವನಿಗೆ ಮಾಮೂಲಾಗಿತ್ತು. ಮೊದಲ ದಿನವೇ ಒಂದು ಗಂಟೆ ವ್ಯಾಯಾಮ ಮಾಡಿ, ಮರುದಿನ ಮೆಟ್ಟಿಲು ಇಳಿಯಲೂ ಆಗುತ್ತಿರಲಿಲ್ಲ.

ಈ ಸಲ ಗುರಿ ಐದೇ ಎಳೆತ. ಹಗುರವಾದ ಬ್ಯಾಂಡನ್ನು ಎದೆಯ ಎತ್ತರಕ್ಕೆ ಹಿಡಿದು, ಎರಡೂ ಕೈ ಪಕ್ಕಕ್ಕೆ ಎಳೆದು, ನಿಧಾನವಾಗಿ ಮೊದಲಿನ ಜಾಗಕ್ಕೆ ತರಬೇಕು, ಅಷ್ಟೇ. ಇದನ್ನು ಯಾವಾಗ ಮಾಡಬೇಕು ಅನ್ನೋದೇ ಮುಖ್ಯ. 'ಆಫೀಸಿನಿಂದ ಬಂದ ಮೇಲೆ' ಅಂದರೆ ನಡೆಯುವುದಿಲ್ಲ. ಲೋಕಲ್ ರೈಲು ಒಂದು ದಿನ ಬೇಗ, ಒಂದು ದಿನ ತಡ. ಬಂದಾಗ ಹಸಿವು ಬೇರೆ. ಆದರೆ ಬೆಳಿಗ್ಗೆ ಫಿಲ್ಟರ್‌ಗೆ ಬಿಸಿನೀರು ಸುರಿದು ಮುಚ್ಚಳ ಹಾಕುವುದು ದಿನವೂ ಅದೇ ಜಾಗದಲ್ಲಿ ಆಗುವ ಕೆಲಸ. ಡಿಕಾಕ್ಷನ್ ಇಳಿಯುವವರೆಗೆ ಕೈಯೂ ಖಾಲಿ. ಹಾಗಾಗಿ ಬ್ಯಾಂಡನ್ನು ಫಿಲ್ಟರ್ ಪಕ್ಕದ ಮೊಳೆಗೇ ನೇತುಹಾಕಿದೆವು. ಮುಚ್ಚಳ ಹಾಕಿದ ಕೂಡಲೇ ಐದು ಎಳೆತ.

ಹುಮ್ಮಸ್ಸಿದ್ದ ದಿನ ಜಾಸ್ತಿ ಮಾಡಬಹುದು, ಆದರೆ ಗುರಿ ಮಾತ್ರ ಐದೇ. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೊಸ ಅಭ್ಯಾಸ ತಾನಾಗಿಯೇ ನಡೆಯಲು 18ರಿಂದ 254 ದಿನ ಬೇಕಾಯಿತು, ಮಧ್ಯದ ಅಂಕಿ 66. ಅಂದರೆ ಎರಡು ವಾರಕ್ಕೆ ಉತ್ಸಾಹ ಇಳಿದಿರುತ್ತದೆ, ಅಭ್ಯಾಸ ಇನ್ನೂ ಕೂತಿರುವುದಿಲ್ಲ. ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ ಅಂತಲೂ ಅದರಲ್ಲೇ ಕಂಡುಬಂತು. ಇದನ್ನು ಕೇಳಿ ತಮ್ಮನಿಗೆ ಎಷ್ಟು ಸಮಾಧಾನವಾಯಿತು!

ಯಾರೂ ನೆನಪಿಸದೆ ಕೈ ತಾನೇ ಬ್ಯಾಂಡಿನ ಕಡೆ ಹೋಗತೊಡಗಿದ ಮೇಲಷ್ಟೇ ಅಭ್ಯಾಸದ ಸರಪಳಿಗೆ ಮುಂದಿನ ಕೊಂಡಿ ಸೇರಿಸಿದೆವು. ಎಳೆತ ಮುಗಿದ ಮೇಲೆ ಐದು ಬಸ್ಕಿ. ಅದೂ ಅಭ್ಯಾಸವಾದ ಮೇಲೆ, ಕಾಫಿ ಲೋಟ ತೊಳೆದಿಟ್ಟು ಶೂ ಹಾಕಿ ಜಿಮ್‌ಗೆ. ಅಲ್ಲಿ ಹತ್ತು ನಿಮಿಷ ಇದ್ದರೂ ಸಾಕು, ವಾಪಸ್ ಬರಬಹುದು. ಈಗ ಹೆಚ್ಚಿನ ದಿನ ಅವನು ಅದಕ್ಕಿಂತ ಜಾಸ್ತಿ ಹೊತ್ತು ಇರುತ್ತಾನೆ.

ಕೊರತೆಯೂ ಇದೆ. ಹುಬ್ಬಳ್ಳಿಗೆ ಹೋದಾಗ ಕಾಫಿ ಅಮ್ಮ ಮಾಡುತ್ತಾರೆ, ಹಾಗಾಗಿ ಕೊಂಡಿಯೇ ಕಳಚಿತು. ಅಲ್ಲಿಗೆ ಹಲ್ಲುಜ್ಜಿದ ತಕ್ಷಣ ಅಂತ ಬದಲಿಸಿದೆವು, ಬ್ಯಾಂಡ್ ಬ್ರಷ್ ಜೊತೆಗೇ ಬ್ಯಾಗಿಗೆ ಹೋಗುತ್ತದೆ. ಐದು ಎಳೆತದಿಂದಲೇ ತೋಳು ಬಲವಾಗುವುದಿಲ್ಲ ಅನ್ನೋದೂ ನಿಜ. ಅಭ್ಯಾಸ ಕೂತ ಮೇಲೆ ಸಂಖ್ಯೆಯನ್ನೋ ಬ್ಯಾಂಡಿನ ಬಿಗಿಯನ್ನೋ ಏರಿಸಲೇಬೇಕು.

ಕೊಳ್ಳುವವರು ಮೊದಲು ತೀರಾ ಹಗುರದ್ದನ್ನೇ ತೆಗೆದುಕೊಳ್ಳಿ. ಲೇಟೆಕ್ಸ್ ಬ್ಯಾಂಡ್ ಬಿಸಿಲಿಗೆ, ಒಲೆಯ ಬಿಸಿಗೆ ಬೇಗ ಹಾಳಾಗುತ್ತದೆ. ಆಗಾಗ ಸ್ವಲ್ಪ ಎಳೆದು ಬೆಳಕಿಗೆ ಹಿಡಿದು ನೋಡಿ. ಸಣ್ಣ ಬಿರುಕು ಕಂಡರೂ ಎಸೆದುಬಿಡಿ, ತುಂಡಾದರೆ ಮುಖಕ್ಕೇ ಬಡಿಯುತ್ತದೆ. ನಮ್ಮ ಮೊದಲನೆಯದು ಮಳೆಗಾಲ ಕಳೆಯುವಷ್ಟರಲ್ಲಿ ಅಂಟಂಟಾಯಿತು. ಈಗಿನದು ಒಲೆಯಿಂದ ದೂರದ ಮೊಳೆಯಲ್ಲಿದೆ, ಚೆನ್ನಾಗಿದೆ.