ಸೀಕೋ 5 ಸ್ಪೋರ್ಟ್ಸ್ ಆಟೊಮ್ಯಾಟಿಕ್: ಕೆಲವು ವರ್ಷ ಕಟ್ಟಿದ ಮೇಲೆ, ಕೀ ಕೊಡುವುದರಿಂದ ಎತ್ತಿಡುವವರೆಗೆ

ಈ ವಾಚಿನ ಅಂದದ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಬರೆಯುವುದು ಸಮಯದ ಬಗ್ಗೆ ಮಾತ್ರ. ಒಳಗಿರುವ 4ಆರ್36 ಯಂತ್ರಕ್ಕೆ ಕಂಪನಿ ಹೇಳುವ ಮಿತಿ ದಿನಕ್ಕೆ 45 ಸೆಕೆಂಡ್ ಮುಂದೆ, 35 ಸೆಕೆಂಡ್ ಹಿಂದೆ. ಇದನ್ನು ನೋಡಿ ಹಲವರು ಮುಖ ತಿರುಗಿಸುತ್ತಾರೆ. ನನ್ನ ಅನುಭವದಲ್ಲಿ ಮುಖ್ಯವಾದ ಪ್ರಶ್ನೆ ವಾಚು ಎಷ್ಟು ತಪ್ಪುತ್ತದೆ ಅನ್ನುವುದಲ್ಲ, ದಿನವೂ ಅಷ್ಟೇ ತಪ್ಪುತ್ತದೆಯೇ ಅನ್ನುವುದು. ದಿನಕ್ಕೆ ಹತ್ತು ಸೆಕೆಂಡ್ ಮುಂದೆ ಓಡುವ ವಾಚನ್ನು ರಿಪೇರಿಯವರು ಸರಿಹೊಂದಿಸಿ ಕೊಡಬಹುದು. ಇವತ್ತು ಇಪ್ಪತ್ತು ಮುಂದೆ, ನಾಳೆ ಹತ್ತು ಹಿಂದೆ ಓಡಿದರೆ ಅವರೂ ಏನು ಮಾಡಿಯಾರು? ಆ ಸ್ಥಿರತೆಯ ಬಹುಪಾಲು ಕಟ್ಟುವವರ ಕೈಯಲ್ಲೇ ಇದೆ.

ಮೊದಲು ಕೀ ಕೊಡುವ ವಿಷಯ. ಎಚ್‌ಎಂಟಿ ಜನತಾ ಕಟ್ಟಿ ಬೆಳೆದ ಮನೆಗಳಲ್ಲಿ ಬೆಳಿಗ್ಗೆ ಕೀ ಕೊಡುವುದೆಂದರೆ ಬಿಗಿಯಾಗುವವರೆಗೆ ತಿರುಗಿಸುವುದು, ಬಿಗಿಯಾದ ಕೂಡಲೇ ನಿಲ್ಲಿಸುವುದು. ಅದೇ ಅಭ್ಯಾಸದಲ್ಲಿ ಆಟೊಮ್ಯಾಟಿಕ್‌ಗೆ ಕೀ ಕೊಟ್ಟವರು ‘ಇದು ಬಿಗಿಯಾಗುತ್ತಲೇ ಇಲ್ಲ, ಸ್ಪ್ರಿಂಗ್ ಕಿತ್ತಿರಬೇಕು’ ಎಂದು ಗಾಬರಿಯಾಗುತ್ತಾರೆ. ಏನೂ ಕಿತ್ತಿಲ್ಲ. ಆಟೊಮ್ಯಾಟಿಕ್‌ನಲ್ಲಿ ಮುಖ್ಯ ಸ್ಪ್ರಿಂಗಿನ ಹೊರತುದಿಯನ್ನು ಅದು ಕೂತಿರುವ ಡಬ್ಬಿಯ ಗೋಡೆಗೆ ಭದ್ರವಾಗಿ ಸಿಕ್ಕಿಸಿರುವುದಿಲ್ಲ. ಪೂರ್ತಿ ಸುತ್ತಿದ ಮೇಲೆ ಅದು ಗೋಡೆಯ ಮೇಲೆ ಜಾರುತ್ತದೆ. ಹಾಗಾಗಿ ಹೆಚ್ಚು ಕೀ ಕೊಟ್ಟು ಕೆಡಿಸುವ ಭಯವಿಲ್ಲ, ಆದರೆ ತುಂಬಿತೆಂದು ಬೆರಳಿಗೆ ತಿಳಿಯುವುದೂ ಇಲ್ಲ. ಎಣಿಸಲೇಬೇಕು. ಪೂರ್ತಿ ನಿಂತಿರುವ ವಾಚಿಗೆ ಸುಮಾರು 55 ಸುತ್ತು ಕೊಟ್ಟರೆ ಸ್ಪ್ರಿಂಗ್ ತುಂಬುತ್ತದೆ, ತುಂಬಿದ್ದು ಸುಮಾರು 41 ಗಂಟೆ ಓಡುತ್ತದೆ.

ಈ 41 ಗಂಟೆಯನ್ನು ನಂಬಿಕೊಂಡೇ ಬಹಳ ಜನರ ಲೆಕ್ಕ ತಪ್ಪುವುದು. ಶನಿವಾರ ರಾತ್ರಿ ಎಂಟಕ್ಕೆ ಬಿಚ್ಚಿಟ್ಟ ವಾಚನ್ನು ಸೋಮವಾರ ಬೆಳಿಗ್ಗೆ ಎಂಟಕ್ಕೆ ಎತ್ತಿಕೊಂಡಿರಿ ಎನ್ನಿ. 36 ಗಂಟೆಯಾಗಿದೆ, ವಾಚು ಇನ್ನೂ ಓಡುತ್ತಿದೆ. ‘ಓಡುತ್ತಿದೆಯಲ್ಲ’ ಎಂದು ಹಾಗೇ ಕಟ್ಟಿಕೊಂಡು ಹೊರಡುತ್ತೀರಿ. ಆದರೆ ಸ್ಪ್ರಿಂಗ್ ಸಡಿಲವಾದಂತೆ ವಾಚಿನ ಗತಿ ಹಿಡಿದಿಡುವ ಬ್ಯಾಲೆನ್ಸ್ ಚಕ್ರ ಹಿಂದೆ ಮುಂದೆ ತೂಗುವ ಹರವು ಕಡಿಮೆಯಾಗುತ್ತದೆ. ಆಗ ವಾಚಿನ ಗತಿ ಬದಲಾಗುತ್ತದೆ, ಸಣ್ಣ ಅಲುಗಾಟವೂ ಹೆಚ್ಚು ತಾಕುತ್ತದೆ. ಕೊನೆಯ ಹತ್ತು ಗಂಟೆಯ ಓಟ ಮೊದಲ ಹತ್ತು ಗಂಟೆಯಂತಿರುವುದಿಲ್ಲ. ಕೈಗೆ ಕಟ್ಟಿದ ಮೇಲೆ ಕೈ ಆಡಿದಂತೆ ರೋಟರ್ ಎಂಬ ಒಳಗಿನ ತೂಕದ ತಟ್ಟೆ ತಿರುಗಿ ಸ್ಪ್ರಿಂಗ್ ತುಂಬುತ್ತದೆ, ನಿಜ. ಆದರೆ ದಿನವಿಡೀ ಕೀಬೋರ್ಡಿನ ಮುಂದೆ ಕೂರುವ ಕೈ ಅದನ್ನು ತುಂಬಲು ಇಡೀ ದಿನ ತೆಗೆದುಕೊಳ್ಳಬಹುದು. ಅದಕ್ಕೇ ನಾನು ಬಿಡುವಿನ ನಂತರ ಕಟ್ಟುವ ಮುಂಚೆ ಮೂವತ್ತು ಸುತ್ತು, ಕೂತೇ ಕೆಲಸ ಮಾಡುವ ದಿನಗಳಲ್ಲಿ ಬೆಳಿಗ್ಗೆ ಹತ್ತು ಹದಿನೈದು ಸುತ್ತು ಕೊಡುತ್ತೇನೆ. ವಾಚನ್ನು ಕೈಯಿಂದ ಬಿಚ್ಚಿಯೇ ಕೀ ಕೊಡಿ. ಕಟ್ಟಿಕೊಂಡೇ ತಿರುಗಿಸಿದರೆ ಕೀ ಕೊಡುವ ಗುಂಡಿಯ, ಅಂದರೆ ಕ್ರೌನಿನ ಸಣ್ಣ ಕಡ್ಡಿಯ ಮೇಲೆ ಓರೆಯಾಗಿ ಒತ್ತಡ ಬೀಳುತ್ತದೆ.

ಸಮಯ ಹೊಂದಿಸುವಾಗ ಒಂದು ಅಪಾಯವಿದೆ. ರಾತ್ರಿ 9ರಿಂದ ಬೆಳಗಿನ ಜಾವ 4ರವರೆಗೆ ತಾರೀಖು ಬದಲಿಸುವ ಹಲ್ಲುಗಳು ಕಚ್ಚಿಕೊಂಡಿರುತ್ತವೆ. ಆಗ ಕ್ರೌನಿನಿಂದ ತಾರೀಖು ತಿರುಗಿಸಿದರೆ ಹಲ್ಲು ಮುರಿಯಬಹುದು. ನಿಂತ ವಾಚಿನಲ್ಲಿ ಮುಳ್ಳು ಹತ್ತು ಗಂಟೆ ತೋರಿಸುತ್ತಿದ್ದರೆ ಅದು ಬೆಳಿಗ್ಗೆಯೋ ರಾತ್ರಿಯೋ ತಿಳಿಯುವುದಿಲ್ಲ. ಹಾಗಾಗಿ ಮೊದಲು ಕ್ರೌನನ್ನು ಪೂರ್ತಿ ಹೊರಗೆಳೆದು ಮುಳ್ಳುಗಳನ್ನು ಮುಂದೆ ತಿರುಗಿಸಿ ಆರು ಗಂಟೆಗೆ ತನ್ನಿ. ಬೆಳಗಿನ ಆರಾದರೂ ಸಂಜೆಯ ಆರಾದರೂ ಎರಡೂ ಸುರಕ್ಷಿತ. ಅಲ್ಲಿಂದ ಕ್ರೌನನ್ನು ಒಂದು ಹಂತ ಒಳಗೆ ತಳ್ಳಿ, ತಾರೀಖು ಮತ್ತು ವಾರ ಎರಡನ್ನೂ ನಿನ್ನೆಯದಕ್ಕೆ ಇಡಿ. ಮತ್ತೆ ಪೂರ್ತಿ ಎಳೆದು ಮುಳ್ಳುಗಳನ್ನು ಮುಂದಕ್ಕೆ ತಿರುಗಿಸಿ. ತಾರೀಖು ಬದಲಾದಾಗ ಅದು ನಡುರಾತ್ರಿ. ಈಗ ಬೆಳಿಗ್ಗೆಯಾದರೆ ಹಾಗೇ ಮುಂದುವರಿಯಿರಿ, ಸಂಜೆಯಾದರೆ ಹನ್ನೆರಡನ್ನು ಇನ್ನೊಮ್ಮೆ ದಾಟಿಸಿ. ವಾರದ ಹೆಸರು ಎರಡು ಭಾಷೆಯಲ್ಲಿರುವುದರಿಂದ ನಡುರಾತ್ರಿಯ ನಂತರ ಸ್ವಲ್ಪ ಹೊತ್ತು ಇನ್ನೊಂದು ಭಾಷೆಯ ಹೆಸರು ಕಾಣಿಸಿಕೊಳ್ಳುತ್ತದೆ. ಅದು ದೋಷವಲ್ಲ, ಬೆಳಗಾಗುವಷ್ಟರಲ್ಲಿ ನಿಮ್ಮ ಭಾಷೆಗೆ ಬಂದು ನಿಲ್ಲುತ್ತದೆ.

ಕೊನೆಗೆ ಸೆಕೆಂಡ್ ಮುಳ್ಳು ಹನ್ನೆರಡಕ್ಕೆ ಬಂದಾಗ ಕ್ರೌನ್ ಎಳೆದರೆ ಅದು ಅಲ್ಲೇ ನಿಲ್ಲುತ್ತದೆ. ನಿಮಿಷದ ಮುಳ್ಳನ್ನು ಸರಿ ಸಮಯಕ್ಕಿಂತ ಸ್ವಲ್ಪ ಹಿಂದಕ್ಕೆ ತಂದು, ಅಲ್ಲಿಂದ ಮುಂದಕ್ಕೆ ತಿರುಗಿಸಿ ಗೆರೆಯ ಮೇಲೆ ಕೂರಿಸಿ. ಹಿಂದಕ್ಕೆ ತಿರುಗಿಸಿಯೇ ನಿಲ್ಲಿಸಿದರೆ ಹಲ್ಲುಗಳ ನಡುವಿನ ಸಡಿಲದಿಂದಾಗಿ, ಕ್ರೌನ್ ಒತ್ತಿದ ಮೇಲೂ ಮುಳ್ಳು ಕೆಲ ಹೊತ್ತು ಕದಲದೆ ಇರುತ್ತದೆ. ಮೊಬೈಲಿನಲ್ಲಿ time.is ತೆರೆದಿಟ್ಟುಕೊಂಡು ನಿಮಿಷ ಬದಲಾಗುವ ಕ್ಷಣಕ್ಕೆ ಕ್ರೌನ್ ಒತ್ತಿದರೆ ಆಯಿತು.

ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ರಾತ್ರಿ ಇಡುವ ಭಂಗಿ. ಯಾವ ವಾಚೂ ಎಲ್ಲ ಭಂಗಿಯಲ್ಲೂ ಒಂದೇ ವೇಗದಲ್ಲಿ ಓಡುವುದಿಲ್ಲ. ಮಲಗಿದಾಗ ಬ್ಯಾಲೆನ್ಸ್ ಚಕ್ರ ಅಚ್ಚಿನ ತುದಿಯ ಮೇಲೆ ನಿಂತು ತಿರುಗುತ್ತದೆ, ಪಕ್ಕಕ್ಕೆ ನಿಲ್ಲಿಸಿದಾಗ ಅಚ್ಚಿನ ಪಕ್ಕ ಉಜ್ಜುತ್ತದೆ. ನನ್ನ ವಾಚು ಕೈಯಲ್ಲಿರುವ ಹದಿನಾರು ಗಂಟೆಯಲ್ಲಿ ಸುಮಾರು 8 ಸೆಕೆಂಡ್ ಮುಂದೆ ಹೋಗುತ್ತದೆ. ರಾತ್ರಿ ಡಯಲ್ ಮೇಲೆ ಮಾಡಿ ಮಲಗಿಸಿದರೆ ಇನ್ನೂ 4 ಸೇರಿ ದಿನಕ್ಕೆ 12 ಆಗುತ್ತದೆ. ಕ್ರೌನ್ ಕೆಳಗಾಗುವಂತೆ ಪಕ್ಕಕ್ಕೆ ನಿಲ್ಲಿಸಿದರೆ ರಾತ್ರಿಯಲ್ಲಿ 3 ಹಿಂದೆ ಬೀಳುತ್ತದೆ, ದಿನದ ಮೊತ್ತ 5ಕ್ಕೆ ಇಳಿಯುತ್ತದೆ. ನಿಮ್ಮ ವಾಚಿನಲ್ಲಿ ಈ ಅಂಕಿಗಳು ಬೇರೆಯೇ ಇರುತ್ತವೆ, ಕ್ರೌನ್ ಮೇಲಿದ್ದಾಗ ಹಿಂದೆ ಬೀಳಬಹುದು. ಮಲಗುವಾಗ ಮತ್ತು ಎದ್ದಾಗ ವ್ಯತ್ಯಾಸ ಬರೆದಿಟ್ಟು, ಒಂದೊಂದು ಭಂಗಿಗೆ ಮೂರ್ನಾಲ್ಕು ರಾತ್ರಿ ಕೊಟ್ಟು ನೋಡಿ. ಸಿಕ್ಕಿದ ಮೇಲೆ ಅದೇ ಭಂಗಿಗೆ ಅಂಟಿಕೊಳ್ಳಿ.

ಇಡುವ ಜಾಗವೂ ಮುಖ್ಯ. ಮೊಬೈಲ್, ಬ್ಲೂಟೂತ್ ಸ್ಪೀಕರ್, ಅಯಸ್ಕಾಂತದ ಬಾಯಿಯಿರುವ ಪರ್ಸ್, ಟ್ಯಾಬ್ಲೆಟ್ ಕವರ್ ಇವುಗಳ ಪಕ್ಕ ಇಡಬೇಡಿ. ಹೇರ್‌ಸ್ಪ್ರಿಂಗ್ ಅಂದರೆ ಬ್ಯಾಲೆನ್ಸ್ ಚಕ್ರವನ್ನು ತೂಗಿಸುವ ತೆಳು ಸುರುಳಿ ಕಾಂತಗೊಂಡರೆ ಅದರ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ, ಸ್ಪ್ರಿಂಗ್ ಗಿಡ್ಡವಾದಂತೆ ವರ್ತಿಸುತ್ತದೆ. ನಿನ್ನೆವರೆಗೆ ಸೆಕೆಂಡ್‌ಗಳಲ್ಲಿ ತಪ್ಪುತ್ತಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡಿದರೆ ಮೊದಲ ಅನುಮಾನ ಇದೇ ಆಗಿರಲಿ. ಚಿಕ್ಕ ದಿಕ್ಸೂಚಿಯ ಹತ್ತಿರ ವಾಚು ತಂದಾಗ ಸೂಜಿ ಬಲವಾಗಿ ಎಳೆದಾಡಿದರೆ ಅನುಮಾನ ಬಹುಮಟ್ಟಿಗೆ ನಿಜ. ರಿಪೇರಿ ಅಂಗಡಿಯಲ್ಲಿ ಕಾಂತ ತೆಗೆಯುವ ಉಪಕರಣ ಇರುತ್ತದೆ, ಕೆಲವೇ ಕ್ಷಣದ ಕೆಲಸ, ವಾಚು ಬಿಚ್ಚಬೇಕಾಗಿಲ್ಲ.

ವಾಚನ್ನು ತಾನೇ ತಿರುಗಿಸಿ ಕೀ ತುಂಬಿಡುವ ವೈಂಡರ್ ಪೆಟ್ಟಿಗೆ ಬೇಕೇ ಎಂದು ಕೇಳುವವರಿದ್ದಾರೆ. ಇದೊಂದೇ ವಾಚಿರುವವರಿಗೆ ಬೇಡ. ತಾರೀಖು ಹೊಂದಿಸಲು ಎರಡು ನಿಮಿಷ ಸಾಕು, ಕಟ್ಟದ ದಿನಗಳಲ್ಲೂ ಯಂತ್ರವನ್ನು ಸವೆಸುವುದರಲ್ಲಿ ಅರ್ಥವಿಲ್ಲ. ತಿಂಗಳುಗಟ್ಟಲೆ ಕಟ್ಟದಿದ್ದರೆ ಒರೆಸಿ, ನಿಲ್ಲಲು ಬಿಟ್ಟು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ, ಬೆಲ್ಟ್ ಬಿಚ್ಚಿ ಬೇರೆ ಇಡಿ.

ಪೂರ್ತಿ ಕೀ ಕೊಟ್ಟು ಮಲಗಿಸಿದ ವಾಚು ಎಷ್ಟು ಗಂಟೆ ಓಡುತ್ತದೆಂದು ಆಗಾಗ ನೋಡುತ್ತಿರಿ. 41ರ ಆಸುಪಾಸಿನಿಂದ ಮೂವತ್ತಕ್ಕೆ ಇಳಿದಿದ್ದರೆ, ಜೊತೆಗೆ ದಿನದ ತಪ್ಪು ಏರುಪೇರಾಗುತ್ತಿದ್ದರೆ, ಎಣ್ಣೆ ಒಣಗಿರುವ ಸಾಧ್ಯತೆ ಹೆಚ್ಚು. ಆಗ ಭಂಗಿ ಬದಲಿಸಿ ಪ್ರಯೋಜನವಿಲ್ಲ, ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಿಸಬೇಕು.