ಅಕ್ಯುರಸಿ, ಪ್ರಿಸಿಶನ್, ರೆಸಲ್ಯೂಷನ್: ಕನ್ನಡಕ್ಕೆ ತರಲು ಮೂರು ದಾರಿ

ರೇಷ್ಮೆ ಹುಳು ಸಾಕುವ ಮನೆಗೆ ಹಾಕುವ ಶಾಖ-ತೇವದ ಮೀಟರಿಗೆ ಕನ್ನಡ ಕೈಪಿಡಿ ಬರೆಯಬೇಕಿತ್ತು. ಒಳಗಿರುವ ಸೆನ್ಸರ್ DHT22. ಅದರ ಡೇಟಾಶೀಟಿನಲ್ಲಿ ಶಾಖಕ್ಕೆ ಅಕ್ಯುರಸಿ ±0.5 ಡಿಗ್ರಿ, ರಿಪೀಟೆಬಿಲಿಟಿ ±0.2, ರೆಸಲ್ಯೂಷನ್ 0.1 ಎಂದಿದೆ. ಅಕ್ಯುರಸಿ ಅಂದರೆ ತೋರಿಸಿದ ಅಂಕಿ ನಿಜಕ್ಕೆ ಎಷ್ಟು ಹತ್ತಿರ ಅನ್ನೋದು; ರೆಸಲ್ಯೂಷನ್ ಅಂದರೆ ಅಂಕಿ ಬದಲಾಗುವ ಅತಿ ಸಣ್ಣ ಹೆಜ್ಜೆ. ಪ್ರಿಸಿಶನ್ ಅನ್ನೋ ಹೆಸರು ಅಲ್ಲಿಲ್ಲ. ರಿಪೀಟೆಬಿಲಿಟಿ ಹೇಳುವುದು ಅದನ್ನೇ: ಅದೇ ಸ್ಥಿತಿಯಲ್ಲಿ ಮತ್ತೆ ಮತ್ತೆ ಅಳೆದರೆ ಅಂಕಿಗಳು ಒಂದಕ್ಕೊಂದು ಎಷ್ಟು ಹತ್ತಿರ ಬರುತ್ತವೆ ಅಂತ.

ಈ ಮೂರು ಸಾಲನ್ನು ಮೂರು ಥರ ಬರೆದು ಸಾಕಣೆದಾರರಿಗೂ ಮೀಟರ್ ಜೋಡಿಸುವ ಹುಡುಗರಿಗೂ ಓದಲು ಕೊಟ್ಟೆ. ಎಲ್ಲರಿಗೂ ಒಂದೇ ಪ್ರಶ್ನೆ: ಮೀಟರ್ 24.3 ತೋರಿಸುತ್ತಿದೆ, ಮನೆಯೊಳಗೆ ನಿಜವಾಗಿ ಎಷ್ಟಿರಬಹುದು? ಸರಿಯುತ್ತರ 23.8ರಿಂದ 24.8ರ ಒಳಗೆ ಎಲ್ಲಿ ಬೇಕಾದರೂ.

ಮೊದಲ ದಾರಿ ನಿಘಂಟಿನದು: ನಿಖರತೆ, ನಿಷ್ಕೃಷ್ಟತೆ, ಪೃಥಕ್ಕರಣ. ನೋಡಲು ಶಿಸ್ತಾಗಿದೆ, ಇಕ್ಕಟ್ಟಾದ ಕೋಷ್ಟಕದಲ್ಲೂ ಕೂರುತ್ತದೆ. ಆದರೆ ನಮ್ಮ ಬಳಕೆಯಲ್ಲಿ ನಿಖರತೆ ಅನ್ನೋ ಒಂದೇ ಮಾತು ಮೂರನ್ನೂ ನುಂಗಿಬಿಡುತ್ತದೆ. ದಶಮಾಂಶ ಜಾಸ್ತಿ ಇದ್ದರೂ ನಿಖರ, ಅಂಕಿ ಅಲುಗಾಡದಿದ್ದರೂ ನಿಖರ. ಹಾಗಾಗಿ ಇದನ್ನು ಓದಿದ ಬಹಳಷ್ಟು ಜನ 24.3 ಅಂದರೆ 24.3 ಎಂದೇ ಹೇಳಿದರು. ಇನ್ನೊಂದು ತೊಡಕೂ ಇದೆ. ‘ನಿಖರತೆ 0.5’ ಎಂದು ಬರೆದರೆ 1.0 ಇರುವ ಮೀಟರ್ ಇನ್ನೂ ನಿಖರ ಅನಿಸುತ್ತದೆ. ಅಲ್ಲಿ ಬರೆದಿರುವುದು ತಪ್ಪಿನ ಮಿತಿ ಅಲ್ವಾ? ಮಿತಿ ಹಿಗ್ಗಿದಷ್ಟೂ ಮೀಟರ್ ಕಳಪೆ.

ಎರಡನೆಯದು, ಇಂಗ್ಲಿಷ್ ಮಾತುಗಳನ್ನೇ ಕನ್ನಡ ಅಕ್ಷರದಲ್ಲಿ ಇಡುವುದು. ಐಟಿಐ ಮುಗಿಸಿದ ಹುಡುಗರಿಗೆ ಇದೇ ಸಲೀಸು. ಡೇಟಾಶೀಟ್ ಪಕ್ಕಕ್ಕಿಟ್ಟು ಸಾಲಿಗೆ ಸಾಲು ಹೊಂದಿಸಿ ನೋಡಬಹುದು. ಸಾಕಣೆದಾರರಿಗೆ ಮಾತ್ರ ರೆಸಲ್ಯೂಷನ್ ಅಂದರೆ ಮೊಬೈಲ್ ಕ್ಯಾಮೆರಾ. ಜಾಸ್ತಿ ಇದ್ದರೆ ಒಳ್ಳೆಯದು, ಚಿತ್ರ ಸ್ಪಷ್ಟ. ಆ ಅರ್ಥವನ್ನೇ ಮೀಟರಿಗೂ ಹಚ್ಚುತ್ತಾರೆ.

ಈ ನಂಬಿಕೆ ಎಷ್ಟು ದಾರಿ ತಪ್ಪಿಸುತ್ತದೆ ಎನ್ನಲು DS18B20 ಅನ್ನೋ ಇನ್ನೊಂದು ಸೆನ್ಸರ್ ಒಳ್ಳೆಯ ಉದಾಹರಣೆ. 12 ಬಿಟ್‌ಗೆ ಇಟ್ಟರೆ ಅದು 0.0625 ಡಿಗ್ರಿಯ ಹೆಜ್ಜೆಯಲ್ಲಿ ಏರಿಳಿಯುತ್ತದೆ, 24.3125 ಅಂತ ತೋರಿಸಬಲ್ಲದು. ಆದರೂ ಮೈನಸ್ 10ರಿಂದ 85 ಡಿಗ್ರಿವರೆಗೆ ಅದರ ಅಕ್ಯುರಸಿ ±0.5 ಅಷ್ಟೇ. ನಾಲ್ಕು ದಶಮಾಂಶ ಬಂದ ಮಾತ್ರಕ್ಕೆ ನಿಜಕ್ಕೆ ಹತ್ತಿರ ಬಂದಂತಲ್ಲ.

ಮೂರನೆಯ ದಾರಿಯಲ್ಲಿ ಹೆಸರು ಬಿಟ್ಟು ವಾಕ್ಯ ಬರೆದೆ. ‘ತೋರಿಸಿದ್ದಕ್ಕಿಂತ ನಿಜವಾದ ಶಾಖ 0.5 ಡಿಗ್ರಿ ಹೆಚ್ಚು ಅಥವಾ ಕಡಿಮೆ ಇರಬಹುದು. ಶಾಖ ಬದಲಾಗದಿದ್ದರೂ ಅಂಕಿ 0.2ರಷ್ಟು ಅತ್ತಿತ್ತ ಆಡಬಹುದು. ಅಂಕಿ ಬದಲಾಗುವ ಅತಿ ಸಣ್ಣ ಹೆಜ್ಜೆ 0.1.’ ಇದನ್ನು ಓದಿದವರು ಸರಿಯುತ್ತರ ಕೊಟ್ಟದ್ದಷ್ಟೇ ಅಲ್ಲ, ಮುಂದಿನ ಪ್ರಶ್ನೆಯನ್ನೂ ತಾವೇ ಕೇಳಿದರು. ಪಕ್ಕಪಕ್ಕ ತೂಗುಹಾಕಿದ ಎರಡು ಮೀಟರ್‌ಗಳಲ್ಲಿ ಒಂದು 23.9, ಇನ್ನೊಂದು 24.7 ತೋರಿಸಿದರೆ ಯಾವುದು ಕೆಟ್ಟಿದೆ? ಯಾವುದೂ ಕೆಟ್ಟಿರಬೇಕಿಲ್ಲ. ನಿಜವಾದದ್ದು 24.3 ಆಗಿದ್ದರೆ ಎರಡೂ ತಮ್ಮ ಮಿತಿಯೊಳಗೇ ಇವೆ. ಹಾಗೇ, ಒಂದೇ ಮೀಟರ್ 24.3ರಿಂದ 24.4ಕ್ಕೆ ಹೋದರೆ ಕಿಟಕಿ ತೆರೆಯಲು ಓಡಬೇಕಿಲ್ಲ. 25.3 ಆದರೆ ಶಾಖ ನಿಜಕ್ಕೂ ಏರಿದೆ.

ಈ ದಾರಿಗೂ ಬೆಲೆ ತೆರಬೇಕು. ಕೋಷ್ಟಕ ಉದ್ದವಾಗುತ್ತದೆ. ‘ಆಚೀಚೆ’ ಅನ್ನೋ ಮಾತನ್ನು ಮೊದಲೆರಡು ಸಾಲಿಗೂ ಬಳಸಿದರೆ ಅವು ಮತ್ತೆ ಕಲಸಿಹೋಗುತ್ತವೆ. ಮೊದಲ ಸಾಲಿನಲ್ಲಿ ‘ನಿಜ’ ಅನ್ನೋ ಮಾತು ಇರಲೇಬೇಕು, ಎರಡನೆಯದರಲ್ಲಿ ಇರಲೇಬಾರದು. ಎರಡನ್ನೂ ಬೇರೆ ಮಾಡುವುದು ಅದೊಂದೇ. ಖರೀದಿಯ ಕಾಗದಪತ್ರಕ್ಕಂತೂ ಈ ವಾಕ್ಯಗಳು ಒಗ್ಗುವುದಿಲ್ಲ. ಅಲ್ಲಿ ಅಕ್ಯುರಸಿ ಅಂತಲೇ ಇರಬೇಕು.

ನನ್ನ ಆಯ್ಕೆ ಎರಡನೆಯದು ಮತ್ತು ಮೂರನೆಯದರ ಬೆರಕೆ. ಬಳಸುವವರ ಪುಟದಲ್ಲಿ ವಾಕ್ಯ, ಹಿಂದಿನ ತಾಂತ್ರಿಕ ಪುಟದಲ್ಲಿ ಕನ್ನಡ ಅಕ್ಷರದ ಇಂಗ್ಲಿಷ್ ಹೆಸರು. ನಿಖರತೆಯನ್ನು ಎರಡೂ ಕಡೆಯಿಂದ ತೆಗೆದುಬಿಟ್ಟೆ.

ತೇವದ ಸಾಲಿಗೆ ಮಾತ್ರ ಇನ್ನೊಂದು ವಾಕ್ಯ ಸೇರಿಸಬೇಕಾಯಿತು. ಅಲ್ಲಿ ಅಕ್ಯುರಸಿ ±2 ಎಂದು ಬರೆದು, ಕಂಸದೊಳಗೆ ಗರಿಷ್ಠ ±5 ಎಂದಿದೆ. ಅನುವಾದದಲ್ಲಿ ಮೊದಲು ಬಿದ್ದುಹೋಗುವುದೇ ಈ ಕಂಸ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳುವಿಗೆ ಸುಮಾರು ಶೇ. 70 ತೇವ ಬೇಕು. ಮೀಟರ್ 72 ತೋರಿಸಿದಾಗ ನಿಜವಾದದ್ದು ಸಾಮಾನ್ಯವಾಗಿ 70ರಿಂದ 74, ಕೆಟ್ಟ ಪಕ್ಷ 67ರಿಂದ 77. ಆ ಎರಡೂ ಜೋಡಿ ಅಂಕಿಗಳನ್ನು ಕೈಪಿಡಿಯಲ್ಲಿ ಹಾಗೇ ಬರೆದೆ.