ತಂದ ಮಾಲು ಮತ್ತೆ ಹೊರಗೆ ಹೋಗುವುದಾದರೆ: ಬಾಂಡೆಡ್ ಗೋದಾಮು, ಮುಕ್ತ ವಲಯ, ಡ್ರಾಬ್ಯಾಕ್

ಒಂದು ಕೋಟಿ ಮೌಲ್ಯದ ಬಟ್ಟೆ ತರಿಸುತ್ತೀರಿ, ಸುಂಕ ಶೇ 10 ಅಂದುಕೊಳ್ಳಿ. ಅದರಲ್ಲಿ ಉಡುಪು ಹೊಲಿದು ರಫ್ತು ಮಾಡಬೇಕು. ಸುಂಕದ ಹೊರೆ ತಗ್ಗಿಸಲು ಮೂರು ದಾರಿಗಳಿವೆ: ಕಟ್ಟಿದ ಸುಂಕವನ್ನು ರಫ್ತಾದ ಮೇಲೆ ವಾಪಸ್ ಪಡೆಯುವ ಡ್ರಾಬ್ಯಾಕ್, ಸುಂಕ ಕಟ್ಟದೆ ಕಸ್ಟಮ್ಸ್ ನಿಗಾದಲ್ಲಿ ಮಾಲು ಇಡುವ ಬಾಂಡೆಡ್ ಗೋದಾಮು, ಸುಂಕ ಕಟ್ಟದೆ ಮಾಲು ತಂದು ತಯಾರಿಕೆ ಮಾಡಬಹುದಾದ ಮುಕ್ತ ವಲಯ. ಯಾವುದು ಯಾರಿಗೆ ಎಂದು ನೋಡೋಣ.

ಮೊದಲು ನೋಡಬೇಕಾದದ್ದು ಸಿಕ್ಕಿಬೀಳುವ ಹಣ. ಡ್ರಾಬ್ಯಾಕ್‌ನಲ್ಲಿ 10 ಲಕ್ಷ ಸುಂಕವನ್ನು ಮೊದಲೇ ಕಟ್ಟಬೇಕು, ರಫ್ತಾದ ಮೇಲೆ ವಾಪಸ್ ಕೇಳಬೇಕು. ಆರು ತಿಂಗಳು ತಡವಾದರೆ, ವರ್ಷಕ್ಕೆ ಶೇ 12ರ ಬಡ್ಡಿಯಲ್ಲಿ 60 ಸಾವಿರ ಹೋಯಿತು. ಬಾಂಡೆಡ್ ಗೋದಾಮಿನಲ್ಲಿ ಸುಂಕ ಮುಂದಕ್ಕೆ ಹೋಗುತ್ತದೆ. ಆದರೆ ಸುಂಕಕ್ಕೆ ಹೊಣೆಯಾಗಿ ಬರೆದುಕೊಡುವ ಬಾಂಡ್, ಬಾಡಿಗೆ, ಕೆಲವೊಮ್ಮೆ ಬ್ಯಾಂಕ್ ಗ್ಯಾರಂಟಿಯ ಖರ್ಚು ಇದೆ. ಅವು 60 ಸಾವಿರ ದಾಟಿದರೆ ಗೋದಾಮು ಯಾಕೆ, ಅಲ್ವಾ? ವರ್ಷಕ್ಕೆ ಒಂದೆರಡು ಸಲ ತರಿಸುವವರಿಗೆ ನಾನು ಡ್ರಾಬ್ಯಾಕನ್ನೇ ಹೇಳುತ್ತೇನೆ.

ಇನ್ನೊಂದು, ಎಷ್ಟು ಮಾಲು ನಿಜಕ್ಕೂ ಹೊರಗೆ ಹೋಗುತ್ತದೆ ಎಂಬುದು. ನೂರರಲ್ಲಿ 70 ಭಾಗ ರಫ್ತಾಗಿ 30 ದೇಶದೊಳಗೇ ಮಾರಾಟವಾದರೆ, ಡ್ರಾಬ್ಯಾಕ್ ಸಿಗುವುದು 70ಕ್ಕೆ ಮಾತ್ರ. ಗೋದಾಮು ಅಥವಾ ವಲಯದಿಂದ ಒಳಗೆ ಮಾರಿದಾಗ ಸುಂಕ ಕಟ್ಟಬೇಕು. ವಲಯದಲ್ಲಿ ಅದು ಬಟ್ಟೆಯ ದರವೋ ಉಡುಪಿನ ದರವೋ ಎಂಬುದು ಆಯಾ ದೇಶದ ನಿಯಮ. ಇದನ್ನು ಮೊದಲೇ ಕೇಳಿಕೊಳ್ಳಿ.

ಡ್ರಾಬ್ಯಾಕ್ ಅರ್ಜಿ ಸಾಮಾನ್ಯವಾಗಿ ಎಡವುವುದು ಲೆಕ್ಕದಲ್ಲಿ. ಆಮದು ಬಿಲ್ಲಿನ ಬಟ್ಟೆ ಯಾವ ರಫ್ತು ಬಿಲ್ಲಿಗೆ ಹೋಯಿತು, ಕತ್ತರಿಸಿದಾಗ ಎಷ್ಟು ಚೂರು ಹೋಯಿತು ಎಂದು ತೋರಿಸಬೇಕಾಗಬಹುದು. ಸ್ಟಾಕ್ ಪುಸ್ತಕ ಸಡಿಲವಾಗಿದ್ದರೆ ಹಣ ಬರುವುದು ಕಷ್ಟ.

ಮಾಲನ್ನು ಬರೀ ಇಟ್ಟು, ವಿಂಗಡಿಸಿ ಕಳಿಸುವುದಾದರೆ ಗೋದಾಮು ಸಾಕು. ಅಲ್ಲಿ ಹೊಲಿಗೆಗೆ ಅನುಮತಿ ಎಲ್ಲ ದೇಶದಲ್ಲೂ ಇಲ್ಲ, ಇಡುವುದಕ್ಕೂ ಅವಧಿ ಇರಬಹುದು. ವರ್ಷವಿಡೀ ತಯಾರಿಸಿ ಬಹುಪಾಲು ರಫ್ತು ಮಾಡುವವರಿಗೆ ಮುಕ್ತ ವಲಯ ಹೊಂದುತ್ತದೆ, ಕಾರ್ಖಾನೆಯನ್ನು ಅಲ್ಲಿಗೆ ಒಯ್ಯಲು ಸಾಧ್ಯವಿದ್ದರೆ.